ಜ್ವರ ಬಿಟ್ಟಿದೆ ಎನ್ನುವ ಕರೆ

ಮನೆಯಲ್ಲಿ ಯಾರಿಗಾದರೂ ಜ್ವರ ಇಳಿಯಿತೆಂದರೆ ಎಲ್ಲರಿಗೂ ನಿರಾಳ. ಗಂಜಿ ಕಾಯಿಸುತ್ತಾರೆ, ಸ್ನಾನಕ್ಕೆ ನೀರು ಕಾಯಿಸುತ್ತಾರೆ, ಆಸ್ಪತ್ರೆಯ ಮಾತು ಅಲ್ಲಿಗೆ ಮುಗಿಯುತ್ತದೆ. ಆದರೆ ಸೊರಬ, ಶಿಕಾರಿಪುರದ ಕಡೆಯ ಕರೆಗಳನ್ನು ಎತ್ತಿಕೊಳ್ಳುವ ನರ್ಸ್ ಅಷ್ಟು ಸುಲಭವಾಗಿ ನಿರಾಳವಾಗುವಂತಿಲ್ಲ. ಇಲ್ಲಿ ಕಾಣಿಸಿಕೊಳ್ಳುವ ಎರಡು ಜ್ವರಗಳು, ಡೆಂಗಿ ಮತ್ತು ಮಂಗನ ಕಾಯಿಲೆ, ಮೈ ತಣ್ಣಗಾದ ಮೇಲೇ ಕೆಟ್ಟದಾಗಿ ತಿರುಗಬಲ್ಲವು. ಫೋನಿನಲ್ಲಿ ರೋಗಿಯನ್ನು ವಿಂಗಡಿಸುವ ಕೆಲಸವನ್ನು, ಅಂದರೆ ಯಾರನ್ನು ಎಷ್ಟು ಬೇಗ ಎಲ್ಲಿಗೆ ಕಳಿಸಬೇಕೆಂದು ತೀರ್ಮಾನಿಸುವ ಟ್ರಯಾಜನ್ನು, ನರ್ಸ್‌ಗಳಿಗೆ ಕಲಿಸುವ ಪಾಠ ಈ ಎರಡು ತಾಲೂಕುಗಳಿಗೆ ಹೊಂದಬೇಕಾದರೆ ಏನೇನು ಇರಬೇಕು ಎಂಬುದನ್ನು ಈ ಒಂದು ಎಳೆ ಹಿಡಿದೇ ನೋಡಬಹುದು.

ಕರೆಗಳು ಬರುವ ದಾರಿ ಹಲವು. 2008ರಲ್ಲಿ ಶುರುವಾದ 108 ಆರೋಗ್ಯ ಕವಚ ಆಂಬುಲೆನ್ಸ್‌ಗೆ. 2013ರಲ್ಲಿ ಹುಬ್ಬಳ್ಳಿಯಿಂದ ಆರಂಭವಾದ 104 ಆರೋಗ್ಯವಾಣಿ ಸಲಹೆಗೆ. ಇ-ಸಂಜೀವಿನಿಯಲ್ಲಿ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ರೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ದೂರದ ವೈದ್ಯರನ್ನು ತೆರೆಯ ಮೇಲೆ ಕಾಣಿಸುತ್ತಾರೆ. ಈ ಅಧಿಕಾರಿಗಳಲ್ಲಿ ಹೆಚ್ಚಿನವರು ಬಿಎಸ್ಸಿ ನರ್ಸಿಂಗ್ ಓದಿದವರು. ಇವೆಲ್ಲದರ ಜೊತೆಗೆ ಲೆಕ್ಕಕ್ಕೆ ಸಿಗದ ಇನ್ನೊಂದು ದಾರಿಯಿದೆ: ಆಶಾ ಕಾರ್ಯಕರ್ತೆಯ ಅಥವಾ ಪರಿಚಯದ ಸಿಸ್ಟರ್‌ನ ಸ್ವಂತ ಮೊಬೈಲ್. ಊರಿನವರು ಮೊದಲು ಒತ್ತುವ ನಂಬರ್ ಬಹುಪಾಲು ಇದೇ ಎಂಬುದು ಹಳ್ಳಿ ಬಲ್ಲವರಿಗೆ ಗೊತ್ತು. ಪಾಠ ಕಟ್ಟುವವರು ಕಾಲ್ ಸೆಂಟರನ್ನೇ ಕಣ್ಣಮುಂದಿಟ್ಟುಕೊಂಡರೆ ಈ ಕರೆಗಳೆಲ್ಲ ಪಾಠದ ಹೊರಗೇ ಉಳಿಯುತ್ತವೆ.

ಫೋನಿನಲ್ಲಿ ನರ್ಸ್ ಮಾಡುವ ತೀರ್ಮಾನ ನಂಬಲು ಅರ್ಹವೇ? ಬೇರೆ ದೇಶಗಳ ಅನುಭವ ಎರಡೂ ಕಡೆಗೆ ಮಾತಾಡುತ್ತದೆ. 1998ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನವೊಂದು ರಾತ್ರಿ ಹಾಗೂ ರಜೆಯ ಹೊತ್ತಿನ 14,492 ಕರೆಗಳನ್ನು ನೋಡಿತ್ತು. ತರಬೇತಿ ಪಡೆದ ನರ್ಸ್‌ಗಳು ಅವುಗಳಲ್ಲಿ ಅರ್ಧದಷ್ಟನ್ನು ವೈದ್ಯರವರೆಗೆ ಒಯ್ಯದೆ ತಾವೇ ನಿಭಾಯಿಸಿದ್ದರು. ಅದರಿಂದ ಸಾವಾಗಲಿ ಅಪಾಯವಾಗಲಿ ಹೆಚ್ಚಿದಂತೆ ಕಾಣಲಿಲ್ಲ. ಹತ್ತು ವರ್ಷಗಳ ಬಳಿಕ ಅದೇ ಪತ್ರಿಕೆಯಲ್ಲಿ ನೆದರ್‌ಲೆಂಡ್ಸ್‌ನ ಇನ್ನೊಂದು ವರದಿ ಬಂತು. ರೋಗಿಗಳಂತೆ ನಟಿಸಲು ತರಬೇತಾದವರಿಂದ ಕರೆ ಮಾಡಿಸಿ ನೋಡಿದಾಗ, ಕಡ್ಡಾಯವಾಗಿ ಕೇಳಬೇಕಿದ್ದ ಪ್ರಶ್ನೆಗಳಲ್ಲಿ ಕೇಳಿದ್ದು ಸರಾಸರಿ ಶೇ. 21 ಮಾತ್ರ, ತುರ್ತಿನ ಮಟ್ಟವನ್ನು ಸರಿಯಾಗಿ ಅಂದಾಜಿಸಿದ್ದು ಶೇ. 58ರಷ್ಟು ಕರೆಗಳಲ್ಲಿ. 2014ರಲ್ಲಿ ಲ್ಯಾನ್ಸೆಟ್ ಪ್ರಕಟಿಸಿದ ದೊಡ್ಡ ಪ್ರಯೋಗವೊಂದು ಮತ್ತೊಂದು ಭ್ರಮೆಯನ್ನು ಒಡೆಯಿತು. ಫೋನ್ ಟ್ರಯಾಜ್‌ನಿಂದ ವೈದ್ಯರ ಹೊರೆ ಇಳಿಯುತ್ತದೆಂದು ನಂಬಿದ್ದವರಿಗೆ ಸಿಕ್ಕ ಉತ್ತರ ಬೇರೆಯೇ ಆಗಿತ್ತು: ನರ್ಸ್ ಫೋನಿನಲ್ಲಿ ವಿಚಾರಿಸಿದ ಗುಂಪಿನಲ್ಲಿ 28 ದಿನಗಳೊಳಗಿನ ಭೇಟಿ-ಸಂಪರ್ಕಗಳ ಒಟ್ಟು ಸಂಖ್ಯೆ ಶೇ. 48ರಷ್ಟು ಹೆಚ್ಚಿತ್ತು.

ಈ ಮೂರರಲ್ಲಿ ನಮಗೆ ಹೆಚ್ಚು ಬೇಕಾದದ್ದು ಡಚ್ ವರದಿ. ತಪ್ಪು ನಡೆಯುವುದು ಜ್ಞಾನದ ಕೊರತೆಗಿಂತ ಹೆಚ್ಚಾಗಿ ಕೇಳದೇ ಬಿಟ್ಟ ಪ್ರಶ್ನೆಯಲ್ಲಿ. ಪಟ್ಟಿ ಎದುರಿಗೇ ಇದ್ದರೂ ಮನುಷ್ಯರು ಅದನ್ನು ಹಾರಿಸಿ ಮುಂದೆ ಹೋಗುತ್ತಾರೆ, ಏಕೆಂದರೆ ಕರೆ ಮಾಡಿದವರ ಮೊದಲ ವಾಕ್ಯವೇ ಉತ್ತರವನ್ನು ಕೈಗಿಟ್ಟಂತೆ ತೋರುತ್ತದೆ. "ಬರೀ ವೈರಲ್ ಫೀವರ್ ಸಿಸ್ಟರ್" ಎಂದರೆ ನರ್ಸ್‌ನ ಮನಸ್ಸೂ ಅಲ್ಲಿಗೇ ಹೋಗಿ ನಿಲ್ಲುತ್ತದೆ.

ಕಾನೂನಿನ ಗೆರೆಯನ್ನೂ ಇಲ್ಲಿ ಹೇಳಿಬಿಡಬೇಕು. 2020ರ ಮಾರ್ಚ್ 25ರಂದು ಹೊರಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಫೋನಿನಲ್ಲಿ ಔಷಧಿ ಬರೆಯುವ ಹಕ್ಕು ನೋಂದಾಯಿತ ವೈದ್ಯರದು. ನರ್ಸ್, ಕಿರಿಯ ಆರೋಗ್ಯ ಸಹಾಯಕಿ ಮೊದಲಾದವರನ್ನು ಅದು ಆರೋಗ್ಯ ಕಾರ್ಯಕರ್ತರೆಂದು ಗುರುತಿಸಿ, ರೋಗಿ ಮತ್ತು ವೈದ್ಯರ ನಡುವಿನ ಕೊಂಡಿಯಾಗಿ ಇಟ್ಟಿದೆ. ಹಾಗಾಗಿ ಫೋನೆತ್ತಿದ ನರ್ಸ್ ರೋಗದ ಹೆಸರು ಹೇಳಬೇಕಾಗಿಲ್ಲ, ಹೇಳಲೂಬಾರದು. ಎಷ್ಟು ಬೇಗ, ಎಲ್ಲಿಗೆ, ಅಲ್ಲಿಯವರೆಗೆ ಏನು ಮಾಡಬೇಕು, ಈ ಮೂರಕ್ಕೆ ಆಕೆ ಉತ್ತರ ಕೊಡಬೇಕು. ಇದನ್ನು ಅಧಿಕಾರದ ಕೊರತೆಯೆಂದು ನೋಡುವವರಿದ್ದಾರೆ. ನನಗೆ ಇದರಲ್ಲಿ ಒಂದು ಅನುಕೂಲವೇ ಕಾಣುತ್ತದೆ: ರೋಗದ ಹೆಸರು ಹುಡುಕುವ ಚಪಲ ತಪ್ಪಿದರೆ ಅಪಾಯದ ಲಕ್ಷಣಗಳತ್ತ ಕಿವಿ ಹೆಚ್ಚು ನಿಲ್ಲುತ್ತದೆ.

ಇನ್ನು ನೆಲದ ಮಾತು. ಮಂಗನ ಕಾಯಿಲೆಗೆ ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿರುವ ಹೆಸರು ಕ್ಯಾಸನೂರು ಕಾಡಿನದು. ಆ ಕಾಡು ಇರುವುದು ಸೊರಬ ತಾಲೂಕಿನಲ್ಲೇ. 1957ರಲ್ಲಿ ಅಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು, ಸುತ್ತಲಿನ ಜನರಿಗೂ ಜ್ವರ ಬಂದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ವೈರಸ್ಸನ್ನು ಪತ್ತೆಹಚ್ಚಿದರು. ಹರಡುವುದು ಉಣುಗು. ಅದರ ಮರಿಗಳು ಚುರುಕಾಗುವುದು ಮಳೆ ನಿಂತ ಮೇಲೆ, ಸುಮಾರಾಗಿ ನವೆಂಬರ್-ಡಿಸೆಂಬರಿನಿಂದ ಮೇವರೆಗೆ. ಕಚ್ಚಿದ ಮೂರರಿಂದ ಎಂಟು ದಿನಗಳೊಳಗೆ ಒಮ್ಮೆಲೇ ಜ್ವರ, ಹಣೆ ಸಿಡಿಯುವ ತಲೆನೋವು, ಮೈಕೈ ಮುರಿಯುವ ನೋವು, ಕೆಂಪು ಕಣ್ಣು, ಆಮೇಲೆ ವಾಂತಿ-ಭೇದಿ, ಕೆಲವರಿಗೆ ವಸಡು-ಮೂಗಿನಿಂದ ರಕ್ತ. ಬಹಳಷ್ಟು ಮಂದಿ ಎರಡು ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ. ಆದರೆ ನೂರರಲ್ಲಿ ಹತ್ತಿಪ್ಪತ್ತು ಜನರಿಗೆ ಒಂದೆರಡು ವಾರ ಜ್ವರವಿಲ್ಲದೆ ಕಳೆದು ಮತ್ತೆ ಬರುತ್ತದೆ. ಆಗ ತಲೆನೋವು, ಕುತ್ತಿಗೆ ಬಿಗಿತ, ಕೈ ನಡುಕ, ಗೊಂದಲ ಜೊತೆಗಿರುತ್ತವೆ. ಇದಕ್ಕೆಂದೇ ಇರುವ ಔಷಧಿ ಇಲ್ಲ. ಹಳೆಯ ಲಸಿಕೆಯ ಬಳಕೆಯೂ 2022ರಲ್ಲಿ ನಿಂತಿತು. ಆದ್ದರಿಂದ "ಇಂಜೆಕ್ಷನ್ ಹಾಕಿಸಿಕೊಂಡಿದ್ದೆ" ಎಂಬ ಹಳೆಯ ಮಾತು ಈಗ ಸಮಾಧಾನಕ್ಕೆ ಸಾಲದು. ಸಾಗರ ತಾಲೂಕಿನ ಅರಳಗೋಡಿನಲ್ಲಿ 2018ರ ಕೊನೆಯಿಂದ 2019ರವರೆಗೆ ಈ ಕಾಯಿಲೆ ಹರಡಿದ್ದನ್ನು ಜಿಲ್ಲೆಯಲ್ಲಿ ಯಾರೂ ಮರೆತಿಲ್ಲ.

ಶಿಕಾರಿಪುರದ ಕಡೆ ಬಯಲು ಹೆಚ್ಚು. ಭತ್ತ, ಮೆಕ್ಕೆಜೋಳದ ಹೊಲಗಳು. ಅಲ್ಲಿಯ ಮಳೆಗಾಲದ ಜ್ವರವೆಂದರೆ ಡೆಂಗಿಯ ಜೊತೆಗೆ ಕೆಸರುಗದ್ದೆಯ ಇಲಿಜ್ವರವನ್ನೂ ನೆನೆಯಬೇಕು. ಹೀಗಾಗಿ ಎರಡು ನೆರೆ ತಾಲೂಕುಗಳಿಗೂ ಒಂದೇ ಪ್ರಶ್ನಾವಳಿ ಸಾಲದು. ಅಪಾಯದ ಪ್ರಶ್ನೆಗಳು ಎಲ್ಲೆಡೆ ಒಂದೇ. ಕೆಲಸ ಮತ್ತು ಋತುವಿನ ಪ್ರಶ್ನೆಗಳು ಊರಿಗೆ ತಕ್ಕಂತೆ ಬದಲಾಗಬೇಕು.

ತರಬೇತಿಗೆಂದು ಕಟ್ಟಿದ ಒಂದು ಕರೆಯನ್ನು ನೋಡೋಣ. ಫೆಬ್ರವರಿ, ಸಂಜೆ ಆರೂವರೆ. ಚಂದ್ರಗುತ್ತಿಯ ಆಚೆಯ ಹಳ್ಳಿಯಿಂದ ಹೆಂಗಸೊಬ್ಬರು ಮಾತಾಡುತ್ತಿದ್ದಾರೆ.

"ಸಿಸ್ಟರ್, ನಮ್ಮನೆಯವ್ರಿಗೆ ಐದು ದಿನದಿಂದ ಜ್ವರ ಇತ್ತು. ಇವತ್ತು ಬೆಳಿಗ್ಗೆಯಿಂದ ಬಿಟ್ಟಿದೆ. ಸುಸ್ತು ಅಂತ ಮಲಗೇ ಇದಾರೆ. ಏನಾದ್ರೂ ಶಕ್ತಿ ಮಾತ್ರೆ ಹೇಳ್ತೀರಾ?"

ಸಾಮಾನ್ಯ ನರ್ಸ್ ಇಲ್ಲಿ ವಿಟಮಿನ್ ಹೆಸರು ಹೇಳಿ ಫೋನಿಡುವ ಸಾಧ್ಯತೆ ಇದೆ. ಕಲಿತವಳು ಮೊದಲು ಕೇಳುವುದು ರೋಗದ ಬಗ್ಗೆ ಅಲ್ಲ.

"ಹೇಳ್ತೀನಿ ಅಕ್ಕಾ. ಮೊದ್ಲು ಊರು, ಮನೆ ಗುರುತು ಹೇಳಿ. ಲೈನ್ ಕಟ್ಟಾದ್ರೆ ಇದೇ ನಂಬರಿಗೆ ಮಾಡ್ಲಾ? ... ಅವ್ರು ಪಕ್ಕದಲ್ಲೇ ಇದಾರಾ? ಫೋನ್ ಅವ್ರ ಕೈಗೆ ಕೊಡಿ."

ಕಾಡಂಚಿನಲ್ಲಿ ಸಿಗ್ನಲ್ ಯಾವಾಗ ಕೈಕೊಡುತ್ತದೋ ತಿಳಿಯದು, ಅದಕ್ಕೇ ವಿಳಾಸ ಮೊದಲು. ರೋಗಿಯ ಕೈಗೆ ಫೋನ್ ಕೊಡಿಸುವುದು ಎರಡನೆಯದು. ಅವನ ಮಾತೇ ಒಂದು ತಪಾಸಣೆ: ಒಂದೇ ಉಸಿರಿನಲ್ಲಿ ಪೂರ್ತಿ ವಾಕ್ಯ ಹೇಳುತ್ತಾನೋ, ಎರಡು ಪದಕ್ಕೊಮ್ಮೆ ಉಸಿರೆಳೆದುಕೊಳ್ಳುತ್ತಾನೋ, ಇವತ್ತು ಯಾವ ವಾರ ಎಂದರೆ ತಡವರಿಸುತ್ತಾನೋ ಎಂಬುದು ಕಿವಿಗೇ ತಿಳಿಯುತ್ತದೆ. ಇಲ್ಲಿ ಆತ ನಿಧಾನವಾಗಿ, ಆದರೆ ಸರಿಯಾಗಿ ಮಾತಾಡಿದ.

"ಇವತ್ತು ಮೂತ್ರಕ್ಕೆ ಎಷ್ಟೊತ್ತಿಗೆ ಹೋಗಿದ್ರಿ ಅಣ್ಣಾ?"

"ಬೆಳಿಗ್ಗೆ ಎದ್ದಾಗ ಒಂದ್ಸಲ. ಆಮೇಲೆ ಇಲ್ಲ."

"ಎದ್ದು ನಿಂತ್ರೆ ಏನಾಗುತ್ತೆ?"

"ಕಣ್ಣು ಕತ್ತಲೆ ಬರುತ್ತೆ. ಗೋಡೆ ಹಿಡ್ಕೊಂಡು ಹೋಗ್ಬೇಕು."

"ಹಲ್ಲುಜ್ಜಿದಾಗ ಉಗುಳು ಯಾವ ಬಣ್ಣ ಇತ್ತು?"

"ಸ್ವಲ್ಪ ಕೆಂಪಿತ್ತು. ಬ್ರಶ್ ತಾಗಿರ್ಬೇಕು ಅಂದ್ಕೊಂಡೆ."

ಇಷ್ಟಕ್ಕೇ ತೀರ್ಮಾನ ಆಗಿಹೋಯಿತು. ಹನ್ನೆರಡು ಗಂಟೆಯಿಂದ ಮೂತ್ರವಿಲ್ಲ, ನಿಂತರೆ ಕಣ್ಣು ಕತ್ತಲೆ, ವಸಡಿನಲ್ಲಿ ರಕ್ತ. ಇವುಗಳಲ್ಲಿ ಒಂದೇ ಇದ್ದರೂ ಇವತ್ತೇ ಆಸ್ಪತ್ರೆ. ಮೂರೂ ಸೇರಿದರೆ ಈಗಲೇ 108. ಜ್ವರ ಇಳಿದಿರುವುದು ಇಲ್ಲಿ ಒಳ್ಳೆಯ ಸುದ್ದಿಯಲ್ಲ. ಡೆಂಗಿಯಲ್ಲಿ ರಕ್ತನಾಳದಿಂದ ದ್ರವ ಸೋರಿ ರಕ್ತದೊತ್ತಡ ಕುಸಿಯುವ ಹೊತ್ತು ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದೊಳಗೆ, ಅದೂ ಜ್ವರ ಇಳಿಯುವ ಹೊತ್ತಿಗೇ ಬರುತ್ತದೆ. ಮಂಗನ ಕಾಯಿಲೆಯಲ್ಲೂ ಮೊದಲ ವಾರದ ಕೊನೆಗೆ ರಕ್ತಸ್ರಾವ, ಕಡಿಮೆ ಒತ್ತಡ ಕಾಣಿಸಿಕೊಳ್ಳಬಹುದು. ಯಾವುದೆಂದು ನರ್ಸ್ ಬಿಡಿಸಬೇಕಾಗಿಲ್ಲ.

ಆಂಬುಲೆನ್ಸ್‌ಗೆ ಹೇಳಿಸಿದ ಮೇಲೆ ಉಳಿದ ಪ್ರಶ್ನೆಗಳು. "ಕಾಡಿಗೆ ಹೋಗಿದ್ರಾ?" ಎಂದರೆ ಇಲ್ಲ ಎನ್ನುತ್ತಾರೆ, ಮನೆ ಹಿಂದಿನ ಸೊಪ್ಪಿನಬೆಟ್ಟ ಅವರ ಲೆಕ್ಕದಲ್ಲಿ ಕಾಡಲ್ಲ. "ಹೋದ ವಾರ ಏನು ಕೆಲಸ ಮಾಡಿದ್ರಿ?" ಎನ್ನುವುದೂ ತಪ್ಪೇ. ಜ್ವರ ಬಂದು ಐದು ದಿನ, ಅದಕ್ಕೂ ಮೊದಲು ಮೂರರಿಂದ ಎಂಟು ದಿನ ಎಂದರೆ ನೋಡಬೇಕಾದ್ದು ಎಂಟರಿಂದ ಹದಿಮೂರು ದಿನ ಹಿಂದಿನ ದಿನಚರಿ. ಹಾಗಾಗಿ ನರ್ಸ್ ಕೇಳಿದ್ದು: "ಜ್ವರ ಬರೋಕೆ ಮುಂಚಿನ ಹತ್ತು ದಿನದಲ್ಲಿ ದರಗು ತರೋದು, ಸೌದೆ, ದನ ಮೇಯಿಸೋದು ಏನಾದ್ರೂ?" "ಕೊಟ್ಟಿಗೆಗೆ ದರಗು ತಂದ್ವಿ, ಮೂರು ದಿನ." ಆ ಕಡೆ ಮಂಗ ಸತ್ತಿದ್ದು ಕಂಡಿರಾ ಎಂದದ್ದಕ್ಕೆ ಗೊತ್ತಿಲ್ಲ ಎಂಬ ಉತ್ತರ. ಸತ್ತ ಮಂಗ ಕಂಡಿಲ್ಲವೆಂದರೆ ಕಾಯಿಲೆ ಇಲ್ಲವೆಂದಲ್ಲ. ಕೊನೆಗೆ ಔಷಧಿ: ಮೈಕೈ ನೋವಿಗೆಂದು ಪೇಟೆಯ ಅಂಗಡಿಯಿಂದ ತಂದ ಮಾತ್ರೆ ದಿನಕ್ಕೆರಡು ನುಂಗುತ್ತಿದ್ದಾನೆ. ಶೀಟಿನ ಹೆಸರು ಓದಿಸಿದಾಗ ಡೈಕ್ಲೋಫೆನಾಕ್.

ಈ ಕರೆಯಲ್ಲಿ ಪ್ರಶ್ನೆಗಳ ಕ್ರಮವನ್ನು ಗಮನಿಸಬೇಕು. ಪ್ರಾಣಕ್ಕೆ ಸಂಬಂಧಿಸಿದವು ಮೊದಲು, ಕಾರಣಕ್ಕೆ ಸಂಬಂಧಿಸಿದವು ಆಮೇಲೆ. ಕಲಿಯುವವರು ಬಹುಸಲ ತಿರುವುಮುರುವು ಮಾಡುತ್ತಾರೆ, ಏಕೆಂದರೆ ಉಣುಗು, ಮಂಗ, ದರಗು ಇವೆಲ್ಲ ಕುತೂಹಲದ ವಿಷಯಗಳು. ಮೂತ್ರ ಹೋಯಿತೇ ಎಂಬುದು ಅಲ್ಲ. ಇನ್ನೊಂದು, ಪ್ರಶ್ನೆಯಲ್ಲೇ ಉತ್ತರ ಅಡಗಿರಬಾರದು. "ಉಸಿರಾಟಕ್ಕೆ ಏನೂ ತೊಂದ್ರೆ ಇಲ್ಲ ತಾನೇ?" ಎಂದರೆ ಮರ್ಯಾದೆಗೆ "ಇಲ್ಲ" ಎನ್ನುತ್ತಾರೆ. "ರಕ್ತ ಬರ್ತಿದ್ಯಾ?" ಎಂದಿದ್ದರೂ ಈತ ಇಲ್ಲ ಎನ್ನುತ್ತಿದ್ದ, ಬ್ರಶ್ ತಾಗಿದ್ದೆಂದು ಮೊದಲೇ ಸಮಾಧಾನ ಮಾಡಿಕೊಂಡಿದ್ದನಲ್ಲ. ಉಗುಳಿನ ಬಣ್ಣ ಕೇಳಿದ್ದರಿಂದ ಸಿಕ್ಕಿತು. ಮಲದ ಬಗ್ಗೆಯೂ ಹಾಗೆಯೇ: "ಡಾಂಬರಿನ ಹಾಗೆ ಕಪ್ಪಗಿತ್ತಾ?" ಎಂದು ಕೇಳುವ ಮೊದಲು "ಯಾವ ಬಣ್ಣ ಇತ್ತು?" ಎಂದು ಬಿಡಬೇಕು.

ಸಲಹೆಯ ಭಾಗಕ್ಕೆ ಬಂದರೆ, ಅದು ಚಿಕ್ಕದಿದ್ದಷ್ಟೂ ಒಳ್ಳೆಯದು. ಆಂಬುಲೆನ್ಸ್ ಬರುವವರೆಗೆ ಆ ಮನೆಯವರಿಗೆ ಹೇಳಿದ್ದು ಐದೇ ಮಾತು: ಮಲಗಿಸಿ ಕಾಲು ಸ್ವಲ್ಪ ಎತ್ತರಕ್ಕಿಡಿ, ಎಬ್ಬಿಸಿ ನಡೆಸಬೇಡಿ, ವಾಂತಿ ಇಲ್ಲದಿದ್ದರೆ ಓಆರ್‌ಎಸ್ ಗುಟುಕು ಗುಟುಕಾಗಿ, ಆ ನೋವಿನ ಮಾತ್ರೆ ಇನ್ನು ಬೇಡ, ಶೀಟು ಚೀಲದಲ್ಲಿ ಹಾಕಿಕೊಂಡು ಬನ್ನಿ. ಹೇಳಿದ ಮೇಲೆ "ಈಗ ನೀವೇನು ಮಾಡ್ತೀರಿ, ಒಂದ್ಸಲ ಹೇಳಿ ಅಕ್ಕಾ" ಎಂದು ತಿರುಗಿ ಹೇಳಿಸಬೇಕು. ಅರ್ಥವಾಯಿತೇ ಎಂದರೆ ಎಲ್ಲರೂ ಆಯಿತು ಎನ್ನುತ್ತಾರೆ.

ಮನೆಯಲ್ಲೇ ನೋಡಿಕೊಳ್ಳಬಹುದಾದ ಜ್ವರಕ್ಕೆ ಸಲಹೆಯ ತಿರುಳು ಪ್ಯಾರಾಸಿಟಮಾಲ್ ಮತ್ತು ನೀರು. ದೊಡ್ಡವರಿಗೆ 500 ಅಥವಾ 650ರ ಮಾತ್ರೆ, ಆರು ಗಂಟೆಯ ಅಂತರ, ದಿನಕ್ಕೆ ನಾಲ್ಕು ಸಲ ಮೀರದಂತೆ. ಬ್ರೂಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ಈ ಸೀಮೆಯ ಜ್ವರಕ್ಕೆ ಬೇಡ, ರಕ್ತಸ್ರಾವದ ಭಯಕ್ಕೆ. ಸೊಂಟಕ್ಕೆ ಚುಚ್ಚಿಸಿಕೊಳ್ಳುವ ನೋವಿನ ಇಂಜೆಕ್ಷನ್ನೂ ಬೇಡ. ಬೇಗ ಗುಣವಾಗಲೆಂದು ಜನ ಕೇಳಿ ಹಾಕಿಸಿಕೊಳ್ಳುವುದು ಇದನ್ನೇ ಆದ್ದರಿಂದ ಬಿಡಿಸಿ ಹೇಳಬೇಕು. ಮಕ್ಕಳ ಸಿರಪ್ಪಿನಲ್ಲಿ ತಪ್ಪು ನಡೆಯುವ ಜಾಗ ಬೇರೆ. ಒಂದು ಸಲದ ಪ್ರಮಾಣ ಕಿಲೋಗೆ 10ರಿಂದ 15 ಮಿಲಿಗ್ರಾಂ. ಹನ್ನೆರಡು ಕಿಲೋ ಮಗುವಿಗೆ 120ರಿಂದ 180. ಐದು ಮಿಲಿಗೆ 125 ಇರುವ ಬಾಟಲಿಯಾದರೆ ಒಂದು ಅಳತೆ ಚಮಚ ಸರಿ. 250 ಇರುವ ಬಾಟಲಿಯಲ್ಲಿ ಅದೇ ಚಮಚ ಹೆಚ್ಚಾಗುತ್ತದೆ. "ಒಂದು ಚಮಚ ಕೊಡಿ" ಎಂದು ಫೋನಿನಲ್ಲಿ ಹೇಳುವುದು ಹಾಗಾಗಿ ಸಲಹೆಯೇ ಅಲ್ಲ. ಬಾಟಲಿ ತರಿಸಿ, ಮೇಲಿನ ಅಂಕಿ ಓದಿಸಿ ಆಮೇಲೆ ಹೇಳಬೇಕು. ಮೂರು ತಿಂಗಳೊಳಗಿನ ಕೂಸಿಗೆ ಜ್ವರವೆಂದರೆ ಸಿರಪ್ಪಿನ ಮಾತೇ ಬೇಡ, ಅದು ಕೂಡಲೇ ವೈದ್ಯರ ಕೈಗೆ ಹೋಗಬೇಕಾದ ಕರೆ.

ಮೇಲಕ್ಕೆ ದಾಟಿಸುವುದು ಯಾವಾಗ ಎಂಬಲ್ಲಿ ಪುಸ್ತಕದ ಮಟ್ಟಗಳು ನಮ್ಮ ರಸ್ತೆಗೆ ಹೊಂದುವುದಿಲ್ಲ. "ನಾಲ್ಕು ಗಂಟೆಯೊಳಗೆ ವೈದ್ಯರನ್ನು ಕಾಣಲಿ" ಎಂಬ ಮಟ್ಟ ಸೊರಬ ಪೇಟೆಯವರಿಗೆ ಸರಿ. ಕೊನೆಯ ಬಸ್ಸು ಹೋದ ಮೇಲೆ ಒಳಹಳ್ಳಿಯಿಂದ ಕರೆ ಮಾಡಿದವರಿಗೆ ಅದು ಒಂದೋ ಈಗ, ಇಲ್ಲವೇ ನಾಳೆ ಬೆಳಿಗ್ಗೆ. ನಡುವೆ ಏನೂ ಇಲ್ಲ. ಅಂಥಲ್ಲಿ ಸಂದೇಹವಿದ್ದರೆ ಒಂದು ಮೆಟ್ಟಿಲು ಮೇಲಕ್ಕೇ ಇಡುವುದು ವಾಡಿಕೆಯಾಗಬೇಕು. ಅದೇ ತೊಂದರೆಗೆ ಮತ್ತೆ ಮತ್ತೆ ಫೋನ್ ಬಂದರೂ ಹಾಗೆಯೇ. ಪದೇಪದೇ ಮಾಡುವವರನ್ನು ಭಯಸ್ಥರೆಂದು ತಳ್ಳಿಹಾಕುವುದು ಈ ಕೆಲಸದ ಹಳೆಯ ಚಾಳಿ. ಆಶಾ ಕಾರ್ಯಕರ್ತೆ "ನೋಡೋಕೆ ಯಾಕೋ ಸರಿ ಕಾಣಲ್ಲ" ಎಂದರೆ ಲಕ್ಷಣದ ಪಟ್ಟಿ ತುಂಬದಿದ್ದರೂ ದಾಟಿಸಬೇಕು. ನರ್ಸ್ ಕಾಣದ ರೋಗಿಯನ್ನು ಆಕೆ ಕಂಡಿದ್ದಾಳೆ.

ಆಸ್ಪತ್ರೆಯ ವೈದ್ಯರಿಗೆ ಹೇಳುವಾಗ ಕಥೆ ಬೇಡ. ಮೇಲಿನ ಕರೆಯನ್ನು ಸೊರಬ ತಾಲೂಕು ಆಸ್ಪತ್ರೆಗೆ ಹೀಗೆ ಹೇಳಬಹುದು: "ಸರ್, 42ರ ಗಂಡಸು, ಐದು ದಿನದ ಜ್ವರ ಇವತ್ತು ಇಳಿದಿದೆ, ಹನ್ನೆರಡು ಗಂಟೆಯಿಂದ ಮೂತ್ರವಿಲ್ಲ, ನಿಂತರೆ ತಲೆಸುತ್ತು, ವಸಡಿನಲ್ಲಿ ರಕ್ತ. ಜ್ವರಕ್ಕೆ ಮುಂಚೆ ದರಗು ತಂದಿದ್ದಾರೆ, ಡೈಕ್ಲೋಫೆನಾಕ್ ತಗೊಂಡಿದ್ದಾರೆ. ಶಾಕ್‌ಗೆ ಹೋಗ್ತಿದ್ದಾರೆ ಅನ್ನಿಸ್ತಿದೆ. 108ರಲ್ಲಿ ಬರ್ತಿದ್ದಾರೆ, ಬಂದ ತಕ್ಷಣ ಬಿಪಿ ನೋಡಿ, ಡ್ರಿಪ್ ಮತ್ತು ರಕ್ತಕ್ಕೆ ಸಿದ್ಧ ಇಟ್ಕೊಳ್ಳಿ." ಸ್ಥಿತಿ, ಹಿನ್ನೆಲೆ, ತನ್ನ ಅಂದಾಜು, ಬೇಕಾದದ್ದು. ಮೂರನೆಯದನ್ನು ಹೇಳಲು ನಮ್ಮ ನರ್ಸ್‌ಗಳು ಹಿಂಜರಿಯುತ್ತಾರೆ, ವೈದ್ಯರೆದುರು ಅಭಿಪ್ರಾಯ ಹೇಳಿದಂತಾಗುತ್ತದೆಂದು. ಈ ಹಿಂಜರಿಕೆಯನ್ನು ಪಾಠದಲ್ಲಿ ಹೇಳಿ ಬಿಡಿಸಲಾಗದು, ಬಾಯಿಬಿಟ್ಟು ಅಭ್ಯಾಸ ಮಾಡಿಸಿಯೇ ಬಿಡಿಸಬೇಕು.

ಅದೇ ಮನುಷ್ಯ ಜ್ವರದ ಎರಡನೆಯ ದಿನ ಫೋನ್ ಮಾಡಿದ್ದರೆ? ನೀರು ಕುಡಿಯುತ್ತಾನೆ, ಮೂತ್ರ ಸರಿಯಿದೆ, ರಕ್ತವಿಲ್ಲ. ಬೇರೆ ಊರಿನಲ್ಲಾದರೆ ಮನೆ ಸಲಹೆ ಸಾಕಿತ್ತು. ಫೆಬ್ರವರಿಯ ಸೊರಬದಲ್ಲಿ, ದರಗು ತಂದವನಿಗೆ, ಮರುದಿನ ಬೆಳಿಗ್ಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಕೊಡಲು ಹೇಳಬೇಕು. ಮಾದರಿ ಶಿವಮೊಗ್ಗದ ವೈರಸ್ ಪತ್ತೆ ಪ್ರಯೋಗಾಲಯಕ್ಕೆ ಹೋಗುತ್ತದೆ. ಮೊದಲ ದಿನಗಳಲ್ಲಿ ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ, ದಿನ ಕಳೆದಂತೆ ಪ್ರತಿಕಾಯದ ಪರೀಕ್ಷೆ.

ಎಲ್ಲ ಕರೆಯನ್ನೂ ಜ್ವರದ ಅಚ್ಚಿಗೆ ಹಾಕಬಾರದೆಂಬುದಕ್ಕೆ ಒಂದು ಉದಾಹರಣೆ ಸಾಕು. ಮಳೆಗಾಲದ ನಸುಕಿನಲ್ಲಿ, ನೆಲದ ಮೇಲೆ ಮಲಗಿದ್ದವರಿಗೆ ಹೊಟ್ಟೆನೋವು ಎಂದು ಕರೆ ಬಂದರೆ ಗ್ಯಾಸಿನ ಮಾತ್ರೆ ಹೇಳುವ ಮುನ್ನ ಕಣ್ಣುರೆಪ್ಪೆ ಜೋಲುತ್ತಿದೆಯೇ, ಉಗುಳು ನುಂಗಲು ಕಷ್ಟವಾಗುತ್ತಿದೆಯೇ ಎಂದು ಕೇಳಬೇಕು. ಕಟ್ಟುಹಾವು ಕಚ್ಚಿದರೆ ನೋವಾಗಲಿ ಗುರುತಾಗಲಿ ಹೆಚ್ಚು ಇರುವುದಿಲ್ಲ. ಹೌದೆಂದರೆ ಮುಂದಿನ ಪ್ರಶ್ನೆಗಳೆಲ್ಲ ರದ್ದು, 108 ಮಾತ್ರ.

ಮನೆಯಲ್ಲೇ ಉಳಿಸಿದ ಪ್ರತಿ ಜ್ವರಕ್ಕೂ ನರ್ಸ್ ತಾನೇ ತಿರುಗಿ ಫೋನ್ ಮಾಡಬೇಕು ಎಂಬುದೇ ಈ ಸೀಮೆಯ ಪಾಠಕ್ಕೆ ಸೇರಬೇಕಾದ ದೊಡ್ಡ ತಿದ್ದುಪಡಿ ಎಂದು ನನ್ನ ಎಣಿಕೆ. "ಹೆಚ್ಚಾದ್ರೆ ಫೋನ್ ಮಾಡಿ" ಎಂಬ ರೂಢಿಯ ಮಾತು ಇಲ್ಲಿ ಕೆಲಸ ಮಾಡದು, ಜ್ವರ ಹೆಚ್ಚಾಗದೆಯೇ ಅಪಾಯ ಬರುತ್ತದಲ್ಲ. ಮೊದಲ ಕರೆ ಮರುದಿನ. ಎರಡನೆಯದು ಜ್ವರ ಬಿಟ್ಟ ದಿನ, ಮತ್ತೆ ಮೂತ್ರ, ತಲೆಸುತ್ತು, ಉಗುಳಿನ ಬಣ್ಣದ ಅದೇ ಪ್ರಶ್ನೆಗಳೊಂದಿಗೆ. ಕಾಡಂಚಿನವರಿಗೆ ಇನ್ನೊಂದು, ಜ್ವರ ಬಿಟ್ಟ ಎರಡು ವಾರದ ಆಸುಪಾಸಿಗೆ: ತಲೆನೋವು ಮರಳಿತೇ, ಗಲ್ಲ ಎದೆಗೆ ತಾಗಿಸಲು ಕಷ್ಟವಾಗುತ್ತದೆಯೇ, ಲೋಟ ಹಿಡಿದರೆ ಕೈ ನಡುಗುತ್ತದೆಯೇ. ಹೌದೆಂದರೆ ತಾಲೂಕು ಆಸ್ಪತ್ರೆಯ ಮೂಲಕ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ. ಇದಕ್ಕೆ ಬೇಕಾದದ್ದು ದಿನಾಂಕದ ಪ್ರಕಾರ ತೆರೆಯುವ ಒಂದು ಪುಸ್ತಕ ಮತ್ತು ಪಾಳಿ ಬದಲಾದಾಗ ಅದನ್ನು ಕೈಯಿಂದ ಕೈಗೆ ಕೊಡುವ ಶಿಸ್ತು. ಅದರಲ್ಲಿ "ಇಲ್ಲ" ಎಂದ ಉತ್ತರಗಳನ್ನೂ ಬರೆದಿರಬೇಕು: ರಕ್ತವಿಲ್ಲ, ಮೂತ್ರ ಮೂರು ಗಂಟೆಯ ಹಿಂದೆ. ಬರೆದಿಲ್ಲದಿದ್ದರೆ, ಆ ಪ್ರಶ್ನೆ ಕೇಳಲಾಗಿತ್ತೋ ಬಿಟ್ಟುಹೋಗಿತ್ತೋ ಎಂಬುದು ಮುಂದಿನ ಪಾಳಿಯ ನರ್ಸ್‌ಗೆ ತಿಳಿಯುವುದಿಲ್ಲ, ಆಕೆ ಎಲ್ಲವನ್ನೂ ಮೊದಲಿನಿಂದ ಕೇಳಬೇಕಾಗುತ್ತದೆ.